ಪಕ್ಕದ ಸೀಟಿನವರ ಬಗ್ಗೆ ನಿಜ ಬರೆಯುವುದು ಹೇಗೆ: 360 ಡಿಗ್ರಿ ಫೀಡ್‌ಬ್ಯಾಕ್‌ನ ಎರಡನೇ ಡಬ್ಬಿಗೊಂದು ಮಾರ್ಗದರ್ಶಿ

ಅಪ್ರೈಸಲ್ ಸಮಯಕ್ಕೆ ಆ ಮೇಲ್ ಬಂದೇ ಬರುತ್ತದೆ. ‘ನಿಮ್ಮ ಈ ಸಹೋದ್ಯೋಗಿಯ ಬಗ್ಗೆ ಅಭಿಪ್ರಾಯ ಕೊಡಿ, ಕೊನೆಯ ದಿನ ಶುಕ್ರವಾರ.’ ಫಾರ್ಮ್ ತೆರೆದರೆ ಒಂದಿಷ್ಟು ಅಂಕ ಕೊಡುವ ಪ್ರಶ್ನೆಗಳು, ಕೊನೆಯಲ್ಲಿ ಎರಡು ಖಾಲಿ ಡಬ್ಬಿಗಳು. ಇವರು ಚೆನ್ನಾಗಿ ಮಾಡುವುದೇನು? ಇವರು ಸುಧಾರಿಸಿಕೊಳ್ಳಬೇಕಾದದ್ದೇನು? ಮೊದಲ ಡಬ್ಬಿ ಬೇಗ ತುಂಬುತ್ತದೆ. ಎರಡನೆಯದಕ್ಕೆ ಬಂದಾಗ ಕೈ ನಿಲ್ಲುತ್ತದೆ. ನಿಜ ಬರೆದರೆ ನಾಳೆ ಮುಖ ನೋಡುವುದು ಹೇಗೆ? ಬರೆಯದಿದ್ದರೆ ಅದೇ ತೊಂದರೆ ಮುಂದಿನ ವರ್ಷವೂ ನಿಮ್ಮ ತಲೆಗೇ.

ಈ ಬರಹ ಆ ಎರಡನೇ ಡಬ್ಬಿಯ ಬಗ್ಗೆ. ಮ್ಯಾನೇಜರ್, ಕೈಕೆಳಗಿನವರು, ಸಮಾನ ಹುದ್ದೆಯವರು ಎಲ್ಲರೂ ಸೇರಿ ಒಬ್ಬರ ಬಗ್ಗೆ ಹೇಳುವ ಈ 360 ಡಿಗ್ರಿ ಪದ್ಧತಿಯಲ್ಲಿ, ಸಮಾನ ಹುದ್ದೆಯವರ ಪಾಡೇ ಜಾಸ್ತಿ ಕಷ್ಟ. ಮ್ಯಾನೇಜರ್ ತಪ್ಪು ತೋರಿಸಿದರೆ ಅದು ಅವರ ಕೆಲಸ ಅಂತ ಎಲ್ಲರೂ ಒಪ್ಪುತ್ತಾರೆ. ನೀವು ತೋರಿಸಿದರೆ ‘ನಿನಗ್ಯಾಕೆ?’ ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ.

ಮೊದಲು ಕೇಳಿಕೊಳ್ಳಿ: ನಾನು ಬರೆದದ್ದು ಎಲ್ಲಿಗೆ ಹೋಗುತ್ತದೆ?

ಒಂದಕ್ಷರ ಬರೆಯುವ ಮುಂಚೆ ಎಚ್‌ಆರ್‌ ಬಳಿ ಮೂರು ವಿಷಯ ಕೇಳಿ. ನನ್ನ ಮಾತು ಇದ್ದ ಹಾಗೇ ಅವರಿಗೆ ಕಾಣುತ್ತದೆಯೋ, ಅಥವಾ ಮ್ಯಾನೇಜರ್ ಓದಿ ಸಾರಾಂಶ ಹೇಳುತ್ತಾರೋ? ಹೆಸರು ಕಾಣುತ್ತದೆಯೋ ಇಲ್ಲವೋ? ಇದನ್ನು ಬರೀ ಕಲಿಕೆಗೆ ಬಳಸುತ್ತಾರೋ, ಸಂಬಳ ಮತ್ತು ಬಡ್ತಿಗೂ ಲೆಕ್ಕಕ್ಕೆ ತಗೊಳ್ಳುತ್ತಾರೋ?

ಇದರಲ್ಲಿ ಜನ ಏಮಾರುವುದು ಹೆಸರಿನ ವಿಷಯದಲ್ಲಿ. ‘ಅನಾಮಧೇಯ’ ಅಂತ ಬರೆದಿರುತ್ತದೆ, ನಿಜ. ಸಾಮಾನ್ಯವಾಗಿ ಒಂದು ಗುಂಪಿನಿಂದ ಕನಿಷ್ಠ 3 ಜನ ಉತ್ತರ ಕೊಡದಿದ್ದರೆ ಆ ಗುಂಪಿನ ಅಂಕ ಬೇರೆಯಾಗಿ ತೋರಿಸುವುದಿಲ್ಲ. ಆದರೆ ಈ ರಕ್ಷಣೆ ಅಂಕಗಳಿಗೆ ಸರಿಹೋಗುತ್ತದೆ, ಮಾತಿಗೆ ಅಷ್ಟಾಗಿ ಅಲ್ಲ. ಅಂಕವನ್ನು ಸರಾಸರಿ ಮಾಡಬಹುದು, ಮಾತನ್ನು ಮಾಡಲಾಗದು. ಬಹಳ ಕಡೆ ಮಾತು ಅಕ್ಷರಶಃ ಹಾಗೇ ವರದಿಗೆ ಹೋಗುತ್ತದೆ. ನಾಲ್ಕೇ ಜನ ಬರೆದಿದ್ದರೆ, ನಿಮ್ಮ ವಾಕ್ಯ ನೋಡಿದ ತಕ್ಷಣ ಇದು ಯಾರದ್ದು ಅಂತ ಅವರಿಗೆ ಗೊತ್ತಾಗುತ್ತದೆ. ದಿನಾ ಚಾಟ್‌ನಲ್ಲಿ ನಿಮ್ಮ ಬರವಣಿಗೆ ಓದುವವರು ಅವರು, ಅಲ್ವಾ?

ಹಾಗಾಗಿ ನನ್ನ ನಿಯಮ ಇಷ್ಟೇ. ಕೆಳಗೆ ನನ್ನ ಹೆಸರು ಇದೆ ಅಂದುಕೊಂಡೇ ಬರೆಯುವುದು. ಶೈಲಿ ಬದಲಿಸಿ, ಬೇಕಂತಲೇ ಸುತ್ತಿಬಳಸಿ ಬರೆದು ಅಡಗಿಕೊಳ್ಳಲು ಹೋದರೆ ಎರಡು ನಷ್ಟ. ಮಾತು ಅಸ್ಪಷ್ಟವಾಗುತ್ತದೆ. ಸಿಕ್ಕಿಬಿದ್ದರೆ ‘ಅಡಗಿಕೊಂಡು ಹೊಡೆದ’ ಅನ್ನುವ ಹೆಸರೂ ಬರುತ್ತದೆ. ಕಟು ಮಾತಿಗಿಂತ ಅದೇ ಜಾಸ್ತಿ ದಿನ ನೆನಪಿರುತ್ತದೆ.

ಇನ್ನೊಂದು ಸಣ್ಣ ವಿಷಯ. ಆ ಅವಧಿಯಲ್ಲಿ ಅವರ ಜೊತೆ ನೀವು ಕೆಲಸವೇ ಮಾಡಿಲ್ಲದಿದ್ದರೆ ಫಾರ್ಮ್ ವಾಪಸ್ ಕಳಿಸಿ. ಒಂದೆರಡು ಪ್ರಶ್ನೆಗೆ ಮಾತ್ರ ಗೊತ್ತಿಲ್ಲದಿದ್ದರೆ ‘ಹೇಳಲಾರೆ’ ಆಯ್ಕೆ ಒತ್ತಿ. ಗೊತ್ತಿಲ್ಲದ ಕಡೆ ಸುಮ್ನೆ ಮಧ್ಯದ ಅಂಕ ಹಾಕಿದರೆ ಅದು ಸರಾಸರಿಯನ್ನು ಕೆಡಿಸುತ್ತದೆ, ಅಷ್ಟೇ.

ನೆನಪನ್ನು ನಂಬಬೇಡಿ, ಹುಡುಕಿ

ಒಂದು ಉದಾಹರಣೆ ಹಿಡಿದು ಹೋಗೋಣ. ನೀವು ಸಾಫ್ಟ್‌ವೇರ್ ಪರೀಕ್ಷಿಸುವ ಟೆಸ್ಟರ್. ನಿಮ್ಮ ಸಹೋದ್ಯೋಗಿ ಅನಲಿಸ್ಟ್. ಗ್ರಾಹಕರಿಗೆ ಏನು ಬೇಕು ಅಂತ ಕೇಳಿ, ಬರೆದು ತಂಡಕ್ಕೆ ಕೊಡುವುದು ಅವರ ಕೆಲಸ. ಒಳ್ಳೆಯವರು, ಚುರುಕು. ಆದರೆ ಒಂದು ಕಿರಿಕಿರಿ ಇದೆ. ಕೆಲಸ ಶುರುವಾದ ಮೇಲೆ ಗ್ರಾಹಕರು ಏನಾದರೂ ಬದಲಿಸಿದರೆ, ಇವರು ಅದನ್ನು ಕಾಲ್‌ನಲ್ಲಿ ಬಾಯಿಮಾತಲ್ಲಿ ಹೇಳಿ ಮುಗಿಸುತ್ತಾರೆ. ದಾಖಲೆಯಲ್ಲಿ ತಿದ್ದುವುದಿಲ್ಲ. ನೀವು ಹಳೆಯ ದಾಖಲೆ ನೋಡಿ ಪರೀಕ್ಷೆ ಮಾಡಿ, ‘ಇದು ತಪ್ಪಿದೆ’ ಅಂತ ಹೇಳಿ, ಆಮೇಲೆ ಪೆದ್ದು ಅನಿಸಿಕೊಳ್ಳುತ್ತೀರಿ.

ಇದನ್ನು ಬರೆಯಬೇಕು ಅನಿಸಿದಾಗ ತಲೆಯಲ್ಲಿರುವುದು ಹೋದ ವಾರದ ಸಿಟ್ಟು. ಅಪ್ರೈಸಲ್ ಇಡೀ ಅವಧಿಯದ್ದು. ಹಾಗಾಗಿ ಹಳೆಯ ಮೇಲ್, ಚಾಟ್, ಕ್ಯಾಲೆಂಡರ್, ಬಗ್ ಪಟ್ಟಿ ತೆಗೆದು ಮೊದಲ ತಿಂಗಳಿಂದ ನೋಡಿ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಎಲ್ಲಿ, ಏನಾಯಿತು, ಅದರಿಂದ ಏನಾಯಿತು. ನಮ್ಮ ಉದಾಹರಣೆಯಲ್ಲಿ ಹೀಗೆ ಸಿಕ್ಕಿತು ಅಂದುಕೊಳ್ಳಿ. ಪಾವತಿ ಪುಟದಲ್ಲಿ ಗರಿಷ್ಠ ಮೊತ್ತ ಬದಲಾಯಿತು, ದಾಖಲೆಯಲ್ಲಿ ಹಳೆಯದೇ ಇತ್ತು, ಎರಡು ದಿನದ ಪರೀಕ್ಷೆ ಮತ್ತೆ ಮಾಡಬೇಕಾಯಿತು. ಲಾಗಿನ್ ಪುಟದಲ್ಲಿ ಒಟಿಪಿಯ ಅವಧಿ ಬದಲಾಯಿತು, ಅರ್ಧ ದಿನ ಹೋಯಿತು. ವರದಿ ಪುಟದ ಕಾಲಮ್‌ಗಳು ಬದಲಾದವು, ಒಂದು ದಿನ ಹೋಯಿತು.

ಹುಡುಕುವಾಗ ಉಲ್ಟಾ ಸಾಕ್ಷಿಯನ್ನೂ ಹುಡುಕಿ. ಅದೇ ಅವಧಿಯಲ್ಲಿ ಅವರು ಸರಿಯಾಗಿ ತಿದ್ದಿ ಕಳಿಸಿದ್ದು ಎಷ್ಟು ಸಲ? ಹತ್ತು ಬದಲಾವಣೆಯಲ್ಲಿ ಏಳು ಸರಿಯಾಗಿ ಬಂದಿದ್ದರೆ, ‘ದಾಖಲೆ ತಿದ್ದುವುದೇ ಇಲ್ಲ’ ಅನ್ನುವುದು ಸುಳ್ಳು. ‘ಕೆಲವು ಸಲ ತಪ್ಪುತ್ತದೆ’ ಅನ್ನುವುದು ನಿಜ. ಇವೆರಡರ ನಡುವಿನ ಅಂತರ ನಿಮಗೆ ಚಿಕ್ಕದಾಗಿ ಕಾಣಬಹುದು. ಅದನ್ನು ಓದುವವರಿಗೆ ಚಿಕ್ಕದಲ್ಲ.

ನಿಮ್ಮ ಕಣ್ಣಾರೆ ಕಂಡದ್ದು ಮಾತ್ರ ಚೀಟಿಯಲ್ಲಿರಲಿ. ‘ಡೆವಲಪರ್‌ಗಳೂ ಇದನ್ನೇ ಹೇಳುತ್ತಾರೆ’ ಅನ್ನುವುದು ಅವರ ಮಾತು, ಅವರೇ ಬರೆಯಲಿ. ನೀವು ಬರೆದರೆ ನಿಮ್ಮ ಒಂದು ದೂರು ಗುಂಪಿನ ದೂರಾಗಿ ಕಾಣುತ್ತದೆ. ಆಮೇಲೆ ಆ ಸಹೋದ್ಯೋಗಿ ಕೋಣೆಯಲ್ಲಿರುವ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡಲು ಶುರು ಮಾಡುತ್ತಾರೆ.

ಪಟ್ಟಿಯಲ್ಲಿ ನಾಲ್ಕೈದು ದೂರು ಸೇರಿದರೆ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಪದೇ ಪದೇ ಆಗಿದ್ದು, ಕೆಲಸಕ್ಕೆ ಪೆಟ್ಟು ಕೊಟ್ಟದ್ದು, ಅವರ ಕೈಯಲ್ಲಿ ಬದಲಿಸಲು ಆಗುವಂಥದ್ದು ಯಾವುದೋ ಅದು. ಜೋರಾಗಿ ನಗುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ ಅನ್ನುವುದೆಲ್ಲ ಬಿಡಿ.

ಫಾರ್ಮ್‌ಗೆ ಮುಂಚೆ ಎದುರಿಗೆ ಹೇಳಿ

ಇಡೀ ಕೆಲಸದಲ್ಲಿ ನಂಬಿಕೆ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಇಲ್ಲಿ. ಜನಕ್ಕೆ ನೋವಾಗುವುದು ದೂರಿನಿಂದ ಮಾತ್ರ ಅಲ್ಲ. ಇಷ್ಟು ದಿನ ಜೊತೆಗೆ ಕೂತು ಕೆಲಸ ಮಾಡಿ, ಒಂದು ಮಾತೂ ಹೇಳದೆ, ಮ್ಯಾನೇಜರ್ ಓದುವ ಕಾಗದದಲ್ಲಿ ಮೊದಲ ಸಲ ಬರೆದರಲ್ಲ ಅನ್ನುವುದರಿಂದ ಜಾಸ್ತಿ ನೋವಾಗುತ್ತದೆ. ಹಾಗಾಗಿ ಫಾರ್ಮ್‌ನಲ್ಲಿ ಅವರಿಗೆ ಹೊಸದಾದ ದೂರು ಇರಬಾರದು.

ಫಾರ್ಮ್ ತೆರೆಯುವುದಕ್ಕೆ ಕೆಲವು ವಾರ ಮುಂಚೆಯೇ ಮಾತಾಡಿದರೆ ಒಳ್ಳೆಯದು. ತಿದ್ದಿಕೊಳ್ಳಲು ಅವರಿಗೂ ಸಮಯ ಸಿಗುತ್ತದೆ. ಆಗಲೇ ತೆರೆದಿದ್ದರೂ ತಡವಾಗಿಲ್ಲ, ಕಳಿಸುವ ಮುಂಚೆ ಮಾತಾಡಿ. ಇಬ್ಬರೇ ಇರುವಾಗ, ಹದಿನೈದು ನಿಮಿಷ ಸಾಕು. ಚಾಟ್‌ನಲ್ಲಿ ಬೇಡ. ಬರಹದಲ್ಲಿ ನಿಮ್ಮ ದನಿ ಕೇಳಿಸುವುದಿಲ್ಲ, ಅವರ ಮನಸ್ಸಿನಲ್ಲಿರುವ ದನಿಯೇ ಕೇಳಿಸುತ್ತದೆ.

ಮಾತು ಹೀಗೆ ಹೋಗಬಹುದು:

“ಒಂದು ವಿಷಯ ಹೇಳಬೇಕಿತ್ತು. ಅಪ್ರೈಸಲ್ ಫಾರ್ಮ್‌ನಲ್ಲೂ ಇದನ್ನು ಬರೆಯೋಣ ಅಂತಿದ್ದೀನಿ. ಅದಕ್ಕೇ ಮೊದಲು ನಿಮಗೇ ಹೇಳೋಣ ಅಂತ ಬಂದೆ.”

“ಹೇಳಿ, ಏನಾಯ್ತು?”

“ಪಾವತಿ ಪುಟ, ಒಟಿಪಿ, ವರದಿ, ಈ ಮೂರರಲ್ಲೂ ಬದಲಾವಣೆ ನನಗೆ ದಾಖಲೆಯಲ್ಲಿ ಕಾಣಲಿಲ್ಲ. ಹಳೆಯದನ್ನೇ ನೋಡಿ ಟೆಸ್ಟ್ ಮಾಡಿದೆ. ಮೂರೂವರೆ ದಿನದ ಕೆಲಸ ಮತ್ತೆ ಮಾಡಬೇಕಾಯ್ತು. ನಿಮ್ಮ ಕಡೆಯಿಂದ ಏನಾಗಿತ್ತು?”

“ವರದಿದು ನಾನು ತಿದ್ದಿದ್ದೆನಲ್ಲ! ಬೇರೆ ಶೀಟಲ್ಲಿತ್ತು, ಲಿಂಕ್ ಕೂಡ ಕಳಿಸಿದ್ದೆ. ಉಳಿದ ಎರಡು ಸಂಜೆ ಕಾಲ್‌ನಲ್ಲಿ ಬಂದಿದ್ದು. ಎಲ್ಲರೂ ಕಾಲ್‌ನಲ್ಲಿದ್ದರು ಅಂದುಕೊಂಡೆ.”

“ಆ ಸಂಜೆ ಕಾಲ್‌ಗೆ ಟೆಸ್ಟರ್‌ಗಳನ್ನು ಕರೆಯೋದೇ ಇಲ್ಲ.”

“ಹೌದಾ? ನನಗೆ ಹೊಳೀಲೇ ಇಲ್ಲ.”

ಇಲ್ಲಿ ಏನಾಯಿತು ನೋಡಿ. ಮೂರು ಸಾಕ್ಷಿ ಎರಡಾಯಿತು. ಮೂರನೆಯದರಲ್ಲಿ ನೀವೇ ಲಿಂಕ್ ನೋಡಿರಲಿಲ್ಲ. ಫಾರ್ಮ್‌ನಲ್ಲಿ ಮೂರೂ ಬರೆದಿದ್ದರೆ, ಅವರು ಆ ಒಂದು ತಪ್ಪನ್ನು ಹಿಡಿದು ಉಳಿದೆರಡನ್ನೂ ತಳ್ಳಿಹಾಕುತ್ತಿದ್ದರು. ಕಾರಣವೂ ಬೇರೆಯೇ ಇತ್ತು. ನಿಮಗೆ ಸೋಮಾರಿತನ ಅನಿಸಿದ್ದು, ಕಾಲ್‌ನಲ್ಲಿ ಯಾರಿದ್ದಾರೆ ಅನ್ನುವ ತಪ್ಪು ಲೆಕ್ಕ.

ಗಮನಿಸಬೇಕಾದ ವಾಕ್ಯ ‘ನಿಮ್ಮ ಕಡೆಯಿಂದ ಏನಾಗಿತ್ತು?’ ಅನ್ನುವುದು. ಇದನ್ನು ಕೇಳಿ ಸುಮ್ಮನಿರಿ. ಉತ್ತರ ಬರುವ ಮುಂಚೆಯೇ ನೀವೇ ಕಾರಣ ಹೇಳಲು ಹೋಗಬೇಡಿ. ‘ನೀವು ಬ್ಯುಸಿ ಇದ್ರಿ ಅನ್ಸುತ್ತೆ’ ಅಂದರೆ ಅವರು ಸುಮ್ನೆ ಹೂಂ ಅನ್ನುತ್ತಾರೆ, ನಿಜವಾದ ಕಾರಣ ಹೊರಗೆ ಬರುವುದೇ ಇಲ್ಲ.

ಅವರು ಸಿಟ್ಟಾದರೆ? ‘ಎಲ್ಲರಿಗೂ ಇರೋ ತೊಂದರೆ, ನನಗ್ಯಾಕೆ ಹೇಳ್ತೀರ?’ ಅಂದರೆ ವಾದ ಬೇಡ. ‘ನನಗೆ ಕಂಡದ್ದು ಈ ಎರಡು. ಅಷ್ಟನ್ನೇ ಬರೆಯುತ್ತೇನೆ’ ಅಂತ ಹೇಳಿ ಎದ್ದು ಬನ್ನಿ. ಅವರು ಒಪ್ಪಲೇಬೇಕು ಅಂತಿಲ್ಲ. ಮೊದಲೇ ಗೊತ್ತಿದ್ದರೆ ಸಾಕು.

‘ಬರೆಯಬೇಡಿ ಪ್ಲೀಸ್, ನಾನು ಸರಿಮಾಡ್ಕೊಳ್ತೀನಿ’ ಅಂತಲೂ ಕೇಳಬಹುದು. ಇದು ಕಷ್ಟದ ಪ್ರಶ್ನೆ. ಫಾರ್ಮ್ ಬರೀ ಕಲಿಕೆಗೆ ಆಗಿದ್ದು, ತೊಂದರೆ ಚಿಕ್ಕದಾಗಿದ್ದರೆ, ನಾನು ಬಿಟ್ಟುಬಿಡುತ್ತೇನೆ. ಅವರಿಗೆ ತಲುಪಬೇಕಾದ್ದು ತಲುಪಿತಲ್ಲ. ಆದರೆ ಬೇರೆಯವರ ಕೆಲಸಕ್ಕೂ ಪೆಟ್ಟು ಬೀಳುತ್ತಿದ್ದರೆ ಬರೆಯುತ್ತೇನೆ, ‘ಇದರ ಬಗ್ಗೆ ಮಾತಾಡಿದೆವು, ಸರಿಮಾಡಿಕೊಳ್ಳಲು ಶುರು ಮಾಡಿದ್ದಾರೆ’ ಅಂತಲೂ ಸೇರಿಸುತ್ತೇನೆ. ಅದು ನಿಜವಾಗಿದ್ದರೆ ಮಾತ್ರ.

ಬರೆಯುವುದು

ಸಿಟ್ಟಿನಲ್ಲಿ ಬರೆದ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

*‘ಸಂವಹನ ಸರಿಯಿಲ್ಲ. ದಾಖಲೆ ವಿಷಯದಲ್ಲಿ ಯಾವಾಗಲೂ ಬೇಜವಾಬ್ದಾರಿ. ಇದರಿಂದ ಇಡೀ ತಂಡಕ್ಕೆ ತೊಂದರೆ.’*

ಹೆದರಿ ಬರೆದದ್ದು ಹೀಗಿರುತ್ತದೆ:

*‘ತುಂಬಾ ಒಳ್ಳೆಯ ಸಹೋದ್ಯೋಗಿ. ಸಂವಹನದಲ್ಲಿ ಇನ್ನೂ ಸ್ವಲ್ಪ ಸುಧಾರಿಸಿದರೆ ಇನ್ನೂ ಚೆನ್ನ.’*

ಎರಡನೆಯದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಯಾರಿಗೂ ನೋವಿಲ್ಲ ಅನಿಸುತ್ತದೆ, ಆದರೆ ಓದಿದವರು ‘ಸಂವಹನ ಅಂದರೆ ಏನು? ನನ್ನ ಮಾತೋ, ಮೇಲೋ, ಭಾಷೆಯೋ?’ ಅಂತ ವಾರಗಟ್ಟಲೆ ಕೊರಗುತ್ತಾರೆ. ಮೊದಲನೆಯದು ಅವರ ಗುಣದ ಮೇಲೆ ತೀರ್ಪು ಕೊಡುತ್ತದೆ. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು 1996ರಲ್ಲಿ ಫೀಡ್‌ಬ್ಯಾಕ್ ಕುರಿತ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆ ತಿರುಗಿದಷ್ಟೂ ಅದರ ಉಪಯೋಗ ಕಡಿಮೆ ಅನ್ನುವುದು ಅವರ ವಿವರಣೆ. ‘ಬೇಜವಾಬ್ದಾರಿ’ ಅನ್ನುವ ಪದ ಓದಿದ ಮನುಷ್ಯ ದಾಖಲೆ ತಿದ್ದಲು ಹೋಗುವುದಿಲ್ಲ, ತಾನು ಬೇಜವಾಬ್ದಾರಿ ಅಲ್ಲ ಅಂತ ಸಾಬೀತು ಮಾಡಲು ಹೋಗುತ್ತಾನೆ.

ಸರಿಯಾದ ಕರಡಿಗೆ ಬೇಕಾದ್ದು ನಾಲ್ಕು: ಯಾವ ಸಂದರ್ಭ, ಅವರು ಏನು ಮಾಡಿದರು ಅಥವಾ ಮಾಡಲಿಲ್ಲ, ಅದರಿಂದ ಏನಾಯಿತು, ಮುಂದೆ ಏನು ಮಾಡಿದರೆ ಸರಿಹೋಗುತ್ತದೆ. ಹೀಗೆ:

*‘ಗ್ರಾಹಕರ ಸಂಜೆ ಕಾಲ್‌ನಲ್ಲಿ ಬಂದ ಬದಲಾವಣೆಗಳು ಕೆಲವು ಸಲ ದಾಖಲೆಗೆ ಬರುವುದಿಲ್ಲ. ಈ ಅವಧಿಯಲ್ಲಿ ಪಾವತಿ ಪುಟ ಮತ್ತು ಒಟಿಪಿಯಲ್ಲಿ ಹೀಗಾಯಿತು. ಟೆಸ್ಟರ್‌ಗಳು ಆ ಕಾಲ್‌ನಲ್ಲಿ ಇರುವುದಿಲ್ಲ, ಹಾಗಾಗಿ ಹಳೆಯ ದಾಖಲೆ ನೋಡಿ ಮಾಡಿದ ಸುಮಾರು ಎರಡೂವರೆ ದಿನದ ಪರೀಕ್ಷೆ ಮತ್ತೆ ಮಾಡಬೇಕಾಯಿತು. ಕಾಲ್ ಮುಗಿದ ದಿನವೇ ದಾಖಲೆ ತಿದ್ದಿ ಒಂದು ಸಾಲಿನ ಮೇಲ್ ಹಾಕಿದರೆ ಇದು ತಪ್ಪುತ್ತದೆ. ಇದರ ಬಗ್ಗೆ ಅವರ ಜೊತೆ ಮಾತಾಡಿದ್ದೇನೆ.’*

ಇದರಲ್ಲಿ ‘ಯಾವಾಗಲೂ’ ಇಲ್ಲ, ‘ಎಲ್ಲರಿಗೂ’ ಇಲ್ಲ. ಮನಸ್ಸಿನಲ್ಲಿ ಏನಿತ್ತು ಅನ್ನುವ ಊಹೆಯೂ ಇಲ್ಲ. ‘ಉದ್ದೇಶಪೂರ್ವಕ’, ‘ಆಸಕ್ತಿ ಇಲ್ಲ’, ‘ಅಹಂಕಾರ’ ಇವೆಲ್ಲ ಕಣ್ಣಿಗೆ ಕಾಣುವ ವಿಷಯಗಳಲ್ಲ. ನಿಮ್ಮ ವಾಕ್ಯ ಸರಿಯಿದೆಯೇ ಅಂತ ನೋಡಲು ಸುಲಭದ ದಾರಿ ಒಂದಿದೆ. ಆ ಹೊತ್ತು ಕೋಣೆಯಲ್ಲಿ ಕ್ಯಾಮೆರಾ ಇದ್ದಿದ್ದರೆ ಇದು ಅದರಲ್ಲಿ ಕಾಣುತ್ತಿತ್ತೇ? ದಾಖಲೆ ತಿದ್ದದಿರುವುದು ಕಾಣುತ್ತದೆ. ಅಹಂಕಾರ ಕಾಣುವುದಿಲ್ಲ.

ಕೊನೆಯ ವಾಕ್ಯ, ‘ಮಾತಾಡಿದ್ದೇನೆ’ ಅನ್ನುವುದು, ನಿಮ್ಮ ಗುರುತು ಬಿಟ್ಟುಕೊಡುತ್ತದೆ. ಬೇಡ ಅನಿಸಿದರೆ ತೆಗೆಯಿರಿ. ನಾನು ಇಡುತ್ತೇನೆ. ಅದನ್ನು ಓದಿದ ಮ್ಯಾನೇಜರ್‌ಗೆ ವಿಷಯ ಆಗಲೇ ಇಬ್ಬರ ನಡುವೆ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಇಲ್ಲದ ಗಾಬರಿಯಿಂದ ಸಭೆ ಕರೆಯುವುದಿಲ್ಲ.

ಮೊದಲ ಡಬ್ಬಿಯನ್ನೂ ಇಷ್ಟೇ ವಿವರವಾಗಿ ತುಂಬಿ. ಬೈಗುಳಕ್ಕೆ ಪುಟದ ಹೆಸರು ಸಮೇತ ಸಾಕ್ಷಿ, ಹೊಗಳಿಕೆಗೆ ‘ಒಳ್ಳೆಯ ಸಹೋದ್ಯೋಗಿ’ ಅಂತ ಎರಡು ಪದ ಆದರೆ, ಯಾವುದು ಮನಸ್ಸಿನಿಂದ ಬಂತು ಅಂತ ಯಾರಿಗೂ ಗೊತ್ತಾಗುತ್ತದೆ. ‘ಗ್ರಾಹಕರು ಒಂದೇ ಬೇಡಿಕೆಯನ್ನು ಎರಡು ರೀತಿ ಹೇಳಿದಾಗ, ಇವರು ಎರಡನ್ನೂ ಚಿತ್ರ ಬರೆದು ತೋರಿಸಿ ಅದೇ ಕಾಲ್‌ನಲ್ಲಿ ತೀರ್ಮಾನ ಮಾಡಿಸಿದರು’ ಅಂತ ಬರೆಯಿರಿ, ಆಗಿದ್ದರೆ. ಆದರೆ ಹೊಗಳಿಕೆ ಮತ್ತು ದೂರನ್ನು ‘ಆದರೆ’ ಹಾಕಿ ಒಂದೇ ವಾಕ್ಯದಲ್ಲಿ ಕಟ್ಟಬೇಡಿ. ‘ಆದರೆ’ ಬಂದ ತಕ್ಷಣ ಅದರ ಹಿಂದಿನದ್ದೆಲ್ಲ ಅಳಿಸಿಹೋಗುತ್ತದೆ.

ಅಂಕದ ಬಗ್ಗೆ ಒಂದು ಮಾತು

ಮಾತಿನಲ್ಲಿ ದೂರು ಬರೆದು, ಅದೇ ವಿಷಯಕ್ಕೆ 5ಕ್ಕೆ 5 ಕೊಡುವವರು ತುಂಬ ಜನ. ದಾಕ್ಷಿಣ್ಯ. ಓದುವವರಿಗೆ ಯಾವುದನ್ನು ನಂಬಬೇಕೋ ಗೊತ್ತಾಗುವುದಿಲ್ಲ. ಉಲ್ಟಾ ತಪ್ಪೂ ಇದೆ: ದಾಖಲೆಯ ಸಿಟ್ಟಿಗೆ ತಂಡಕೆಲಸ, ಸಮಯಪಾಲನೆ, ಜ್ಞಾನ ಎಲ್ಲದಕ್ಕೂ 2 ಹಾಕುವುದು. ಸಿಟ್ಟಿನ ವಿಷಯ ಯಾವ ಪ್ರಶ್ನೆಗೆ ಸೇರುತ್ತದೋ ಅಲ್ಲಿ ಮಾತ್ರ ಅಂಕ ಇಳಿಯಲಿ. ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ನೋಡಿ ಕಳಿಸಿ.

ಕಳಿಸಿದ ಮೇಲೆ

ವರದಿ ಅವರ ಕೈಗೆ ಬಂದ ದಿನ ‘ಇದು ನೀವು ಬರೆದದ್ದಾ?’ ಅಂತ ಕೇಳಬಹುದು. ಸುಳ್ಳು ಹೇಳಬೇಡಿ. ‘ಹೌದು, ಆವತ್ತು ಮಾತಾಡಿದ್ದನ್ನೇ ಬರೆದೆ. ಅದಕ್ಕಿಂತ ಜಾಸ್ತಿ ಏನೂ ಬರೆದಿಲ್ಲ’ ಅಂದರೆ ಮುಗಿಯಿತು. ಬೇರೆ ಯಾರದ್ದೋ ಮಾತು ತೋರಿಸಿ ‘ಇದು ಯಾರದ್ದು?’ ಅಂದರೆ ಊಹೆ ಮಾಡಬೇಡಿ, ಗೊತ್ತಿದ್ದರೂ ಹೇಳಬೇಡಿ.

ನಂಬಿಕೆಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಅನ್ನುವುದು ಸಣ್ಣ ವಿಷಯಗಳಲ್ಲಿ ಕಾಣುತ್ತದೆ. ಮೊದಲು ಚಾಟ್‌ನಲ್ಲಿ ನೇರ ಕೇಳುತ್ತಿದ್ದವರು ಈಗ ಮ್ಯಾನೇಜರ್‌ಗೆ ಕಾಪಿ ಹಾಕಿ ಮೇಲ್ ಬರೆಯುತ್ತಾರೆ. ಅರ್ಧ ಮಾಡಿದ ಕೆಲಸ ತೋರಿಸಿ ‘ಹೇಗಿದೆ?’ ಅಂತ ಕೇಳುವುದು ನಿಲ್ಲುತ್ತದೆ. ಒಂದೆರಡು ವಾರ ಹೀಗಿದ್ದರೆ ಬಿಟ್ಟುಬಿಡಿ, ಸಹಜ. ಅದಕ್ಕಿಂತ ಮುಂದುವರಿದರೆ ನೀವೇ ಹೋಗಿ ಕೇಳಿ: ‘ನಾನು ಬರೆದದ್ದರಲ್ಲಿ ತಪ್ಪು ಅನಿಸಿದ್ದು ಏನಾದರೂ ಇದೆಯಾ?’ ತಪ್ಪಿದ್ದರೆ ಮ್ಯಾನೇಜರ್‌ಗೆ ಹೇಳಿ ತಿದ್ದಿಸಿ. ತಪ್ಪಿಲ್ಲದಿದ್ದರೆ ಕ್ಷಮೆ ಕೇಳಬೇಡಿ. ನಿಜ ಬರೆದು ಕ್ಷಮೆ ಕೇಳಿದರೆ ಅದು ನಿಜವಲ್ಲ ಅಂತಾಗುತ್ತದೆ.

ಈ ದಾರಿ ನಡೆಯದ ಕಡೆ

ಕಿರುಕುಳ, ಮೋಸ, ಯಾರದ್ದೋ ಸುರಕ್ಷತೆಗೆ ಅಪಾಯ, ಇವಕ್ಕೆ ಈ ಫಾರ್ಮ್ ಜಾಗವಲ್ಲ. ಅವರಿಗೆ ಮೊದಲೇ ಹೇಳಿ ಎಚ್ಚರಿಸುವುದೂ ಬೇಡ. ಅದಕ್ಕೆ ಇರುವ ದೂರು ಸಮಿತಿಗೋ ಎಚ್‌ಆರ್‌ಗೋ ನೇರ ಹೋಗಿ, ದಿನಾಂಕ ಸಮೇತ.

ನೀವಿಬ್ಬರೂ ಒಂದೇ ಬಡ್ತಿಗೆ ಕಾಯುತ್ತಿದ್ದರೆ ನಿಮ್ಮ ಮಾತು ಎಷ್ಟೇ ಸರಿಯಿದ್ದರೂ ಪೈಪೋಟಿಯ ಮಾತಾಗಿ ಕೇಳಿಸುತ್ತದೆ. ಆಗ ಎಚ್‌ಆರ್‌ಗೆ ಅದನ್ನು ಹೇಳಿ ‘ನನ್ನನ್ನು ಬಿಟ್ಟುಬಿಡಿ’ ಅನ್ನುವುದು ಜಾಣತನ. ಅವರು ಬಿಡದಿದ್ದರೆ ದಾಖಲೆಯಲ್ಲಿ ತೋರಿಸಬಹುದಾದ್ದನ್ನು ಮಾತ್ರ ಬರೆಯಿರಿ.

ಮುಂದಿನ ಸುತ್ತು

ಹೋದ ಸಲ ಬರೆದ ದೂರು ಏನಾಯಿತು ಅಂತ ಈ ಸಲ ಬರೆಯುವವರು ಕಡಿಮೆ. ಅದನ್ನು ಬರೆಯುವ ಮುಂಚೆ ಅದೇ ಅಳತೆಯಲ್ಲಿ ನೋಡಿ. ಸಂಜೆ ಕಾಲ್‌ನ ಬದಲಾವಣೆಗಳಲ್ಲಿ ಎಷ್ಟು ದಾಖಲೆಗೆ ಬಂದವು? ಆಮೇಲೆ ಸುಧಾರಿಸಿದ್ದರೆ ಮೊದಲ ಡಬ್ಬಿಯಲ್ಲಿ ಬರೆಯಿರಿ: *‘ಕಾಲ್ ಮುಗಿದ ದಿನವೇ ದಾಖಲೆ ತಿದ್ದುತ್ತಿದ್ದಾರೆ. ಈ ಅವಧಿಯಲ್ಲಿ ಹಳೆಯ ದಾಖಲೆಯಿಂದಾಗಿ ನಾನು ಯಾವ ಪರೀಕ್ಷೆಯನ್ನೂ ಮತ್ತೆ ಮಾಡಬೇಕಾಗಲಿಲ್ಲ.’* ಸುಧಾರಿಸದಿದ್ದರೆ ಹೊಸ ಸಾಕ್ಷಿಯೊಂದಿಗೆ ಮತ್ತೆ ಬರೆಯಿರಿ, ಹಳೆಯದನ್ನು ಎಳೆದು ತರಬೇಡಿ. ಮತ್ತೆ ಬರೆಯುವ ಮುಂಚೆ, ಮತ್ತೆ ಹದಿನೈದು ನಿಮಿಷ ಅವರ ಜೊತೆ ಕೂತು ಮಾತಾಡಿ.